ಅಪ್‌ಡೇಟ್ ಬೇರೆ, ಗಂಟೆ ಬೇರೆ: ನನ್ನ ಎಎಂಸಿ ಅನುಭವ

ಸಣ್ಣ ಅಂಗಡಿಯವರು ಗಂಟೆ ಲೆಕ್ಕಕ್ಕೆ ಒಪ್ಪೋದೇ ಇಲ್ಲ ಅಂತ ಫ್ರೀಲ್ಯಾನ್ಸರ್ ಗೆಳೆಯರೆಲ್ಲ ಹೇಳಿದ್ದರು. ಮಸಾಲೆ ಪುಡಿ ಮಾರುವ ಒಬ್ಬ ಗ್ರಾಹಕರ ಆನ್‌ಲೈನ್ ಅಂಗಡಿ ವೂಕಾಮರ್ಸ್ ಸಾಫ್ಟ್‌ವೇರ್‌ನಲ್ಲಿ ಓಡುತ್ತದೆ; ಆ ಸೈಟಿನ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಈಗ ಎರಡನೇ ಸಲ ರಿನ್ಯೂ ಆಗಿದೆ, ಅದೂ ಗಂಟೆ ಲೆಕ್ಕದಲ್ಲೇ.

ಮೊದಲು ವರ್ಷಕ್ಕೆ ಸುಮಾರು 15,000ಕ್ಕೆ ‘ಎಲ್ಲಾ ಸಪೋರ್ಟ್’ ಅಂತ ಕೊಡುತ್ತಿದ್ದೆ. ಹಬ್ಬ ಬಂತೆಂದರೆ ಬ್ಯಾನರ್, ರೇಟು, ಫೋಟೋ ಅಂತ ಕೆಲಸ ಮುಗಿಯುತ್ತಲೇ ಇರಲಿಲ್ಲ. ಗಂಟೆಗೆ 150 ರೂಪಾಯಿಯೂ ಗಿಟ್ಟಲಿಲ್ಲ. ಆಮೇಲೆ ಕೆಲಸಕ್ಕಿಷ್ಟು ಅಂತ ಮಾಡಿದರೆ ಅವರು ಫೋನ್ ಮಾಡೋದನ್ನೇ ಬಿಟ್ಟರು. ಸೈಟು ಪೂರ್ತಿ ನಿಂತ ಮೇಲೇ ಕರೆ ಬರುತ್ತಿತ್ತು.

ಈಗ ಒಪ್ಪಂದದಲ್ಲಿ ಎರಡು ಭಾಗ. ಅಪ್‌ಡೇಟ್ ಮತ್ತು ಬ್ಯಾಕಪ್‌ಗೆ ವರ್ಷಕ್ಕೆ 18,000, ಅದಕ್ಕೆ ಗಂಟೆ ಎಣಿಸುವುದಿಲ್ಲ. ಅದರ ಜೊತೆಗೆ ವರ್ಷಕ್ಕೆ ಒಟ್ಟು 24 ಗಂಟೆಯ ಸಪೋರ್ಟ್ ಕೆಲಸ, ಅದಕ್ಕೂ ಹತ್ತಿರ ಹತ್ತಿರ ಅಷ್ಟೇ. ಮೂರು ತಿಂಗಳಿಗೊಮ್ಮೆ ಮುಂಗಡ. ಇರುವುದನ್ನು ಓಡಿಸುವುದು ಮೊದಲ ಭಾಗ, ಹೊಸದು ಕೇಳಿದರೆ ಗಂಟೆ. ಕೆಲಸ ಎಷ್ಟೇ ಚಿಕ್ಕದಾದರೂ ಕನಿಷ್ಠ 15 ನಿಮಿಷ ಲೆಕ್ಕ. ಉಳಿದ ಗಂಟೆ ಮುಂದಿನ ಮೂರು ತಿಂಗಳಿಗೆ ಮಾತ್ರ ಹೋಗುತ್ತದೆ. ನಾಲ್ಕು ಗಂಟೆಯೊಳಗೆ ಉತ್ತರ ಕೊಡುತ್ತೇನೆ ಅಂತ ಬರೆದಿದ್ದೇನೆ, ಸರಿ ಮಾಡುವ ಗಡುವು ಬರೆದಿಲ್ಲ. ತೊಂದರೆ ದುಡ್ಡು ಪಡೆಯುವ ಪೇಮೆಂಟ್ ಗೇಟ್‌ವೇ ಕಡೆ ಇದ್ದರೆ ಅದು ನಮ್ಮ ಕೈಲಿಲ್ಲ ಅಲ್ವಾ.

ಜಗಳ ಬರುವುದು ಅಪ್‌ಡೇಟ್‌ನಿಂದಲೇ ಏನಾದರೂ ಕೆಟ್ಟಾಗ. ಅದು ಯಾರ ಗಂಟೆ? ನಾನು ಅಪ್‌ಡೇಟ್ ಮಾಡಿದ ಏಳು ದಿನದೊಳಗೆ ಕೆಟ್ಟರೆ ಗಂಟೆ ಕಳೆಯುವುದಿಲ್ಲ ಅಂತ ಹಾಕಿದೆ. ಅವರ ಕಡೆಯವರು ಪ್ಲಗಿನ್ ಹಾಕಿ ಕೆಡಿಸಿದರೆ ಗಂಟೆ ಅವರದು.

ಈ ಶರತ್ತಿಗೆ ಪರೀಕ್ಷೆಯೂ ಬಂತು. ಪೇಮೆಂಟ್ ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಸೈಟು ನೋಡೋಕೆ ಚೆನ್ನಾಗೇ ಇತ್ತು. ಆದರೆ ದುಡ್ಡು ಕಟ್ ಆದರೂ ಆರ್ಡರ್ `Pending payment`ನಲ್ಲೇ ನಿಂತಿತು. ದುಡ್ಡು ಬಂತು ಅಂತ ಗೇಟ್‌ವೇ ಸೈಟಿಗೆ ತಾನಾಗಿ ಕಳಿಸುವ ಸಂದೇಶ, ಅಂದರೆ ವೆಬ್‌ಹುಕ್, ತಲುಪುತ್ತಿರಲಿಲ್ಲ. ಸ್ಟಾಕ್ ಹಿಡಿದಿಡುವ ಡಿಫಾಲ್ಟ್ ಅವಧಿ 60 ನಿಮಿಷ. ಅದು ಮುಗಿದರೆ ವೂಕಾಮರ್ಸ್ ತಾನೇ ಆರ್ಡರ್ ರದ್ದು ಮಾಡುತ್ತದೆ. ಪ್ರತಿ ಅಪ್‌ಡೇಟ್ ನಂತರ ಹತ್ತು ರೂಪಾಯಿಯ ಒಂದು ಗುಪ್ತ ಐಟಂ ಅನ್ನು ನಿಜವಾಗಿ ದುಡ್ಡು ಕೊಟ್ಟು ಕೊಳ್ಳುತ್ತೇನೆ, ಅದರಿಂದಲೇ ತಕ್ಷಣ ಗೊತ್ತಾಯಿತು. ಆ ಪ್ಲಗಿನ್ ಒಂದನ್ನೇ ಹಳೆ ವರ್ಷನ್‌ಗೆ ಇಳಿಸಿದೆ. ಡೇಟಾಬೇಸ್ ಬ್ಯಾಕಪ್ ವಾಪಸ್ ಹಾಕಿದ್ದರೆ ನಡುವೆ ಬಂದ ಆರ್ಡರ್‌ಗಳೆಲ್ಲ ಅಳಿಸಿ ಹೋಗುತ್ತಿದ್ದವು. ಹಾಗಾಗಿ ಮಾಲೀಕರ ಒಪ್ಪಿಗೆ ಇಲ್ಲದೆ ಡೇಟಾಬೇಸ್ ರಿಸ್ಟೋರ್ ಇಲ್ಲ ಅಂತಲೂ ಒಪ್ಪಂದಕ್ಕೆ ಸೇರಿಸಿದೆ.

ನಡುವೆ ಟಿಕೆಟ್ ಸಿಸ್ಟಮ್ ಒಂದನ್ನು ಹಾಕಿ ನೋಡಿದೆ, ಯಾರೂ ಮುಟ್ಟಲಿಲ್ಲ. ವಾಟ್ಸಾಪ್‌ಗೇ ಬಂದೆ. ತಿಂಗಳ ಮೊದಲ ದಿನ ಏನು ಮಾಡಿದೆ, ಎಷ್ಟು ಗಂಟೆ ಉಳಿದಿದೆ ಅಂತ ನಾಲ್ಕು ಸಾಲು ಕಳಿಸುತ್ತೇನೆ. “ಸರ್, ಇನ್ನೂ ಐದು ಗಂಟೆ ಇದೆಯಲ್ಲಾ, ಕೂಪನ್ ಮಾಡಿಬಿಡಿ” ಅಂತ ಈಗ ಅವರೇ ಲೆಕ್ಕ ಹಾಕುತ್ತಾರೆ. ಈ ಸಲ ದರ ಶೇ. 10 ಏರಿಸಿದೆ, ಚೌಕಾಸಿ ಇಲ್ಲದೆ ಮುಂಗಡ ಬಂತು.