ರೇಡಿಯೋ ಸ್ಕ್ರಿಪ್ಟ್ ವಿಡಿಯೋ ಆಗುವಾಗ

ರೇಡಿಯೋ ಜಾಹೀರಾತನ್ನು ವಿಡಿಯೋ ಮಾಡುವಾಗ ದನಿ ಹೇಳಿದ್ದನ್ನೇ ತೋರಿಸಬೇಡಿ, ಅದು ಹೇಳದೆ ಬಿಟ್ಟದ್ದನ್ನು ತೋರಿಸಿ. ಮುಂಬೈನ ಮಾಟುಂಗಾದ ಉಡುಪಿ ಹೋಟೆಲೊಂದರ 30 ಸೆಕೆಂಡಿನ ಜಾಹೀರಾತು ಅಂದುಕೊಳ್ಳಿ. ದನಿ ‘ಬೆಳಗ್ಗೆ ಆರಕ್ಕೇ ಬಿಸಿ ಬಿಸಿ ಇಡ್ಲಿ’ ಅನ್ನುತ್ತದೆ. ಆಗ ಇಡ್ಲಿ ಬೇಡ. ಅರ್ಧ ಎತ್ತಿದ ಶಟರ್, ಹೊರಗೆ ಮಳೆಯಲ್ಲಿ ಛತ್ರಿ ಹಿಡಿದು ಕಾಯುವ ಇಬ್ಬರು ಸಾಕು. ದನಿ, ಚಿತ್ರ ಎರಡೂ ಒಂದೇ ಹೇಳಿದರೆ ನೋಡುವವರಿಗೆ ಹೊಸದೇನೂ ಸಿಗುವುದಿಲ್ಲ, ಅಲ್ವಾ? ರೇಡಿಯೋದಲ್ಲಿ ಕಣ್ಣಿನ ಕೆಲಸವನ್ನೂ ಮಾತೇ ಮಾಡಬೇಕಿತ್ತು. ‘ಮಲ್ಲಿಗೆಯಂಥ’, ‘ಹಬೆಯಾಡುವ’ ತರಹದ ಪದಗಳನ್ನು ಈಗ ಹೊಡೆದುಹಾಕಿ, ಆ ಜಾಗದಲ್ಲಿ ಪಾತ್ರೆ ಸದ್ದು ಕೇಳಲಿ. ಫೋನ್ ನಂಬರ್, ವಿಳಾಸ, ಬೆಲೆಗೆ ಮಾತ್ರ ಇದು ನಡೆಯದು. ಅವು ಕೇಳಲೂ ಬೇಕು, ಕಾಣಲೂ ಬೇಕು. ಕೊನೆಗೆ ದನಿ ಮುಚ್ಚಿ ಒಮ್ಮೆ ನೋಡಿ. ಏನು ಮಾರುತ್ತಿದ್ದೀರಿ ಅಂತ ತಿಳಿಯದಿದ್ದರೆ ಚಿತ್ರ ಜಾಸ್ತಿ ದೂರ ಹೋಗಿದೆ.