ಹೆಸರಿನ ಕೆಳಗಿನ ಸಾಲು: ಪದವಿಗೋ, ಕಂಪನಿಗೋ, ಗ್ರಾಹಕರಿಗೋ?

ಲಿಂಕ್ಡ್‌ಇನ್‌ನಲ್ಲಿ ಸಣ್ಣ ಉದ್ದಿಮೆದಾರರ ಹೆಸರಿನ ಕೆಳಗೆ ‘ಸ್ಥಾಪಕ ಮತ್ತು ಸಿಇಒ’ ಎಂದಿರುತ್ತದೆ, ಪಕ್ಕದಲ್ಲಿ ಕಂಪನಿಯ ಹೆಸರು. ಆ ಹೆಸರನ್ನು ಎಂದೂ ಕೇಳಿರದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಎಷ್ಟೋ ಸಲ ಅದು ಮಾಲೀಕರೇ ಬರೆದ ಸಾಲೂ ಅಲ್ಲ. ಹೆಡ್‌ಲೈನ್ ಎನ್ನುವ ಈ ಸಾಲನ್ನು ಮುಟ್ಟದೆ ಬಿಟ್ಟರೆ ಈಗಿನ ಹುದ್ದೆಯೇ ಅಲ್ಲಿ ಬಂದು ಕೂರುತ್ತದೆ. ಪದವಿ, ಕಂಪನಿ, ಗ್ರಾಹಕರಿಗೆ ಹೇಳಬೇಕಾದ ಮಾತು ಮೂರನ್ನೂ ಆ ಒಂದೇ ಸಾಲಿಗೆ ತುಂಬಹೊರಟರೆ ಗೊಂದಲವಾಗುತ್ತದೆ. ಮೂರಕ್ಕೂ ಬೇರೆ ಬೇರೆ ಜಾಗಗಳಿವೆ.

ಮೊದಲು ಕಂಪನಿಯ ಪುಟ ಮಾಡಿಕೊಳ್ಳಿ. ಅದನ್ನು ನಿಮ್ಮ ವೈಯಕ್ತಿಕ ಖಾತೆಯಿಂದಲೇ ತೆರೆಯಬೇಕು. ಕಂಪನಿಯ ಹೆಸರಿನಲ್ಲಿ ಇನ್ನೊಂದು ವೈಯಕ್ತಿಕ ಪ್ರೊಫೈಲ್ ತೆರೆಯುವುದು ನಿಯಮಕ್ಕೆ ವಿರುದ್ಧ, ಖಾತೆಯೇ ಮುಚ್ಚಿಹೋಗಬಹುದು. ಕಂಪನಿ ಕೊಡುವ ಸೇವೆಗಳ ಪಟ್ಟಿ, ಎಷ್ಟು ಜನ ಕೆಲಸಗಾರರಿದ್ದಾರೆ, ವೆಬ್‌ಸೈಟ್ ವಿಳಾಸ ಇವೆಲ್ಲ ಪುಟದಲ್ಲಿರಲಿ, ‘ನಾವು’ ಎಂಬ ದನಿಯಲ್ಲಿ.

ಆಮೇಲೆ ನಿಮ್ಮ ಪ್ರೊಫೈಲಿನ Experience ಭಾಗದಲ್ಲಿ ಹುದ್ದೆ ಸೇರಿಸಿ. ಬಹಳ ಜನ ಎಡವುವುದು ಇಲ್ಲೇ. ಕಂಪನಿಯ ಹೆಸರು ಟೈಪ್ ಮಾಡುತ್ತಿದ್ದಂತೆ ಕೆಳಗೆ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತದೆ. ಆ ಪಟ್ಟಿಯಿಂದಲೇ ನಿಮ್ಮ ಪುಟವನ್ನು ಆರಿಸಬೇಕು. ಬರೀ ಟೈಪ್ ಮಾಡಿ ಉಳಿಸಿದರೆ ಲೋಗೊ ಬರಬೇಕಾದ ಕಡೆ ಬೂದುಬಣ್ಣದ ಚಿತ್ರ ನಿಲ್ಲುತ್ತದೆ, ಅದನ್ನು ಒತ್ತಿದರೆ ನಿಮ್ಮ ಪುಟ ತೆರೆಯುವುದಿಲ್ಲ. ಅದೇ ಹೆಸರಿನ ಬೇರೆ ಕಂಪನಿಯೂ ಪಟ್ಟಿಯಲ್ಲಿರಬಹುದು. ಉಳಿಸಿದ ಮೇಲೆ ಲೋಗೊ ಒತ್ತಿ, ಎಲ್ಲಿಗೆ ಹೋಗುತ್ತದೆಂದು ನೋಡಿ. ಪರಿಚಯ ಭಾಗ ತಿದ್ದುವಲ್ಲಿ Show current company in my intro ಎಂಬುದಕ್ಕೆ ಗುರುತು ಹಾಕಿದರೆ ಕಂಪನಿಯ ಹೆಸರು ಪ್ರೊಫೈಲಿನ ಮೇಲ್ಭಾಗದಲ್ಲೇ ಕಾಣುತ್ತದೆ. ಹಾಗಾಗಿ ಅದನ್ನೇ ಹೆಡ್‌ಲೈನ್‌ನಲ್ಲಿ ಮತ್ತೆ ಬರೆಯಬೇಕಿಲ್ಲ.

ಈಗ ಹೆಡ್‌ಲೈನ್. ಔಷಧ ಗೋದಾಮುಗಳ ಕೋಲ್ಡ್ ರೂಮ್ ದುರಸ್ತಿ ಮಾಡುವ ಆರು ಜನರ ಸಂಸ್ಥೆಯೊಂದಿದೆ ಎಂದುಕೊಳ್ಳಿ. ಮಾಲೀಕರ ಸಾಲು ಹೀಗಿದೆ:

‘ವ್ಯವಸ್ಥಾಪಕ ನಿರ್ದೇಶಕ | ಸಮಗ್ರ ಶೀತಲೀಕರಣ ಪರಿಹಾರಗಳು | ಗುಣಮಟ್ಟಕ್ಕೆ ಬದ್ಧ’

ಗೋದಾಮಿನ ಮ್ಯಾನೇಜರ್ ಯಾರೂ ‘ಶೀತಲೀಕರಣ ಪರಿಹಾರ’ ಹುಡುಕುವುದಿಲ್ಲ. ‘ಕೋಲ್ಡ್ ರೂಮ್ ಟೆಂಪರೇಚರ್ ನಿಲ್ತಾ ಇಲ್ಲ’ ಎನ್ನುವುದು ಅವರ ತೊಂದರೆ. ಲಸಿಕೆ, ಇನ್ಸುಲಿನ್‌ನಂಥವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಅದು ಏರುಪೇರಾದರೆ ಸರಕೇ ಹಾಳು. ನಿಮಗೆ ಬಂದ ಕೊನೆಯ ಹತ್ತು ವಿಚಾರಣೆಗಳನ್ನು ತೆರೆದು, ಗ್ರಾಹಕರು ಬಳಸಿದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡು ಮೂರು ಸಲ ಬಂದ ಪದಗಳೇ ಹೆಡ್‌ಲೈನಿಗೆ ಬೇಕಾದವು. ಆಗ ಸಾಲು ಹೀಗಾಗುತ್ತದೆ:

‘ಔಷಧ ಗೋದಾಮುಗಳ ಕೋಲ್ಡ್ ರೂಮ್ ದುರಸ್ತಿ, ವಾರ್ಷಿಕ ನಿರ್ವಹಣೆ | ತಾಪಮಾನ 2–8 ಡಿಗ್ರಿಯಲ್ಲೇ ನಿಲ್ಲುವಂತೆ | ಸ್ಥಾಪಕ’

ಯಾರಿಗೆ, ಏನು ಎಂಬುದು ಮೊದಲು ಬಂತು, ಪದವಿ ಕೊನೆಗೆ ಹೋಯಿತು. ಇದಕ್ಕೆ ಕಾರಣವಿದೆ. ಹೆಡ್‌ಲೈನಿಗೆ 220 ಅಕ್ಷರಗಳ ಮಿತಿಯಿದ್ದರೂ ಕಾಮೆಂಟುಗಳಲ್ಲಿ ಹೆಸರಿನ ಕೆಳಗೆ ಅದರ ಮೊದಲ ತುಣುಕು ಮಾತ್ರ ಕಾಣುತ್ತದೆ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು: ಯೂನಿಕೋಡ್‌ನಲ್ಲಿ ಒತ್ತು, ಸ್ವರಚಿಹ್ನೆಗಳೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ‘ಸ್ಥಾಪಕ’ ಕಣ್ಣಿಗೆ ಮೂರಕ್ಷರ, ಲೆಕ್ಕದಲ್ಲಿ ಆರು.

‘ಸ್ಥಾಪಕ’ ಎಂಬುದನ್ನು ಪೂರ್ತಿ ತೆಗೆದುಹಾಕಬೇಡಿ. ನೇರವಾಗಿ ಮಾಲೀಕರೊಡನೆಯೇ ಮಾತಾಡುತ್ತಿದ್ದೇವೆ ಎಂಬುದು ಸಣ್ಣ ಸಂಸ್ಥೆಯ ಗ್ರಾಹಕರಿಗೆ ಮುಖ್ಯ. ‘ಇಂದೇ ಕರೆ ಮಾಡಿ, ರಿಯಾಯಿತಿ ಪಡೆಯಿರಿ’ ಎಂದು ಬರೆಯುವುದು ಇದಕ್ಕಿಂತ ಕೆಟ್ಟ ತಪ್ಪು. ನೀವು ಕಳಿಸುವ ಪ್ರತಿ ಕನೆಕ್ಷನ್ ಕೋರಿಕೆಯ ಜೊತೆಗೂ ಈ ಸಾಲು ಹೋಗುತ್ತದೆ. ಪರಿಚಯವೇ ಇಲ್ಲದವರ ಕೈಗೆ ಕರಪತ್ರ ತುರುಕಿದಂತಾಗಿ, ಅವರು ಕೋರಿಕೆಯನ್ನು ತಳ್ಳಿಹಾಕುತ್ತಾರೆ. ಕಂಪನಿಯ ಪುಟವಂತೂ ಇಂಥ ಕೋರಿಕೆ ಕಳಿಸಲಾರದು. ಪರಿಚಯ ಶುರುವಾಗಬೇಕಾದದ್ದು ನಿಮ್ಮ ಹೆಸರಿನಿಂದಲೇ.

ಗ್ರಾಹಕರನ್ನು ಕರೆಯುವ ಮಾತಿಗೆ ಪ್ರೊಫೈಲಿನ About ಭಾಗ ಸರಿಯಾದ ಜಾಗ. ಅಲ್ಲಿ 2,600 ಅಕ್ಷರ ಹಿಡಿಸುತ್ತದೆ, ಆದರೆ ಒತ್ತಿ ತೆರೆಯುವ ಮೊದಲು ಕಾಣುವುದು ಆರಂಭದ ಕೆಲವೇ ಸಾಲು. ‘2010ರಿಂದ ಸೇವೆಯಲ್ಲಿ’ ಎಂದು ಶುರುಮಾಡಿ ಅವನ್ನು ಕಳೆಯಬೇಡಿ. ‘ರಾತ್ರಿ ಕಂಪ್ರೆಸರ್ ನಿಂತರೆ ಬೆಳಗಿನೊಳಗೆ ಸರಕು ಕೆಡಬಹುದು. ಅಂಥ ಕರೆಗಳನ್ನು ನಾನೇ ತೆಗೆದುಕೊಳ್ಳುತ್ತೇನೆ’ ಎಂಬಂತೆ ‘ನಾನು’ ದನಿಯಲ್ಲಿ, ನಿಜವಾಗಿ ಮಾಡುವುದನ್ನಷ್ಟೇ ಬರೆಯಿರಿ. ಪುಟದ ವಿವರಣೆಯನ್ನೇ ತಂದು ಇಲ್ಲಿ ಅಂಟಿಸಿದರೆ, ಲೋಗೊ ಒತ್ತಿ ಅತ್ತ ಹೋದವರು ಓದಿದ್ದನ್ನೇ ಓದಿ ಹಿಂತಿರುಗುತ್ತಾರೆ. ಫೋನ್ ಅಥವಾ ಇಮೇಲ್ ಕೊನೆಯ ಸಾಲಿನಲ್ಲಿರಲಿ.

ಎಲ್ಲ ಮುಗಿದ ಮೇಲೆ ಫೋನಿನಿಂದ ಯಾವುದಾದರೂ ಪೋಸ್ಟಿಗೆ ಒಂದು ಕಾಮೆಂಟ್ ಬರೆದು, ನಿಮ್ಮ ಹೆಸರಿನ ಕೆಳಗೆ ಸಾಲು ಎಲ್ಲಿ ತುಂಡಾಗಿದೆ ನೋಡಿ. ಮೇಲಿನ ಉದಾಹರಣೆಯಲ್ಲಿ ‘ಕೋಲ್ಡ್ ರೂಮ್ ದುರಸ್ತಿ’ ಕಾಣುವ ಮೊದಲೇ ಸಾಲು ಕತ್ತರಿಸಿಹೋಗಿದ್ದರೆ ‘ಔಷಧ ಗೋದಾಮುಗಳ’ ಎಂಬುದನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿ.