ಪಿರಮಿಡ್‌ನ ಸೊಂಟದಲ್ಲೊಂದು ಕಚ್ಚು: ಜನಸಂಖ್ಯೆಯ ಚಿತ್ರ ಓದುವುದು ಹೇಗೆ?

ಜನಸಂಖ್ಯಾ ಪಿರಮಿಡ್ ಕಂಡ ಕೂಡಲೇ ಅದರ ಆಕಾರಕ್ಕೆ ಹೆಸರಿಡುವುದು ನಮ್ಮ ಅಭ್ಯಾಸ. ಬುಡ ಅಗಲವಾಗಿದ್ದರೆ ಬೆಳೆಯುವ ದೇಶ, ಸಣ್ಣಗಿದ್ದರೆ ಮುದಿಯಾಗುವ ದೇಶ ಅಂತ ಶಾಲೆಯಲ್ಲೇ ಕಲಿತಿರುತ್ತೇವೆ. ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಚಿತ್ರ ಹೇಳುವ ಅರ್ಧ ಕಥೆ ಕೈತಪ್ಪುತ್ತದೆ. ಜಪಾನಿನ 2020ರ ಪಿರಮಿಡ್ ಇಟ್ಟುಕೊಂಡು ನಿಧಾನವಾಗಿ ಓದೋಣ.

ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಕೆಳಗೆ ಈಗಷ್ಟೇ ಹುಟ್ಟಿದ ಮಕ್ಕಳು, ಮೇಲಕ್ಕೆ ಹೋದಂತೆ ವಯಸ್ಸು ಹೆಚ್ಚುತ್ತದೆ. ಪಟ್ಟಿ ಎಷ್ಟು ಉದ್ದವೋ ಆ ವಯಸ್ಸಿನವರು ಅಷ್ಟು ಜಾಸ್ತಿ. ತುದಿಯಲ್ಲಿ ಬಲಗಡೆ ಉದ್ದವಾಗಿ ಕಂಡರೆ ಗಾಬರಿ ಬೇಡ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಅಷ್ಟೇ.

ಈಗ ಮುಖ್ಯ ಕೆಲಸ. ಎದ್ದು ಕಾಣುವ ಪಟ್ಟಿಗಳ ವಯಸ್ಸನ್ನು ಚಿತ್ರದ ಇಸವಿಯಿಂದ ಕಳೆಯಿರಿ. ವಯಸ್ಸು ಹೋಗಿ ಹುಟ್ಟಿದ ವರ್ಷ ಬರುತ್ತದೆ. 71ರಿಂದ 73ರ ಹತ್ತಿರ ಒಂದು ದೊಡ್ಡ ಉಬ್ಬು ಇದೆ. ಲೆಕ್ಕ ಹಾಕಿದರೆ 1947ರಿಂದ 49. ಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲಿನ ಆ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 27 ಲಕ್ಷ ಮಕ್ಕಳು ಹುಟ್ಟಿದರು. ಕೆಳಗೆ 47ರ ಆಸುಪಾಸಿನಲ್ಲಿ ಇನ್ನೊಂದು ಉಬ್ಬು. ಅದು 1973ರ ಸುತ್ತಿನ ವರ್ಷಗಳದ್ದು, ಮೊದಲ ಉಬ್ಬಿನವರ ಮಕ್ಕಳು.

ಈ ಎರಡರ ನಡುವೆ, 54ರ ಹತ್ತಿರ, ಯಾರೋ ಹಲ್ಲಿನಿಂದ ಕಚ್ಚಿ ತೆಗೆದಂತೆ ಒಂದೇ ಒಂದು ಪಟ್ಟಿ ಮೊಟಕಾಗಿದೆ. ಅಚ್ಚಿನ ತಪ್ಪೇನೋ ಅನಿಸುತ್ತದೆ, ಅಲ್ವಾ? ಅದು 1966. ಅಲ್ಲಿನ ಪಂಚಾಂಗದಲ್ಲಿ 60 ವರ್ಷಕ್ಕೊಮ್ಮೆ ಬರುವ ‘ಬೆಂಕಿ ಕುದುರೆ’ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಎಂಬ ನಂಬಿಕೆಯಿತ್ತು. ಸುಮಾರು 18 ಲಕ್ಷ ಇದ್ದ ಹೆರಿಗೆಗಳು ಆ ಒಂದು ವರ್ಷ 13.6 ಲಕ್ಷಕ್ಕೆ ಇಳಿದು, ಮರುವರ್ಷ ಮತ್ತೆ 19 ಲಕ್ಷ ದಾಟಿದವು. ಒಂದು ನಂಬಿಕೆ ಬಿಟ್ಟ ಗುರುತು ಅರ್ಧ ಶತಮಾನ ಕಳೆದರೂ ಹಾಗೇ ಇದೆ. ಅದು ಪ್ರತಿ ವರ್ಷ ಒಂದೊಂದು ಮೆಟ್ಟಿಲು ಮೇಲೇರುತ್ತದೆ, ಅಷ್ಟೇ.

ಈ ಮೇಲೇರುವಿಕೆಯೇ ಮುಂದಿನದನ್ನು ಓದುವ ಕೀಲಿ. ಇಡೀ ಚಿತ್ರವನ್ನು ಮನಸ್ಸಿನಲ್ಲೇ 25 ಮೆಟ್ಟಿಲು ಮೇಲಕ್ಕೆ ತಳ್ಳಿ. 2045 ಬಂತು. 1973ರವರಿಗೆ 72. 2020ರಲ್ಲಿ ಹುಟ್ಟಿದವರಿಗೆ 25. 1973ರಲ್ಲಿ ಹುಟ್ಟಿದವರು ಸುಮಾರು 21 ಲಕ್ಷ, 2020ರಲ್ಲಿ ಹುಟ್ಟಿದವರು 8.4 ಲಕ್ಷ. ಅಷ್ಟರಲ್ಲಿ ತೀರಿಹೋಗುವವರನ್ನು ಬಿಟ್ಟರೂ, ಕೆಲಸಕ್ಕೆ ಸೇರುವ ಒಬ್ಬರಿಗೆ ನಿವೃತ್ತರಾದವರು ಹೆಚ್ಚುಕಡಿಮೆ ಇಬ್ಬರು. ಇದು ಭವಿಷ್ಯವಾಣಿ ಅಲ್ಲ. ಇವರೆಲ್ಲ ಆಗಲೇ ಹುಟ್ಟಿಯಾಗಿದೆ.

ಹುಟ್ಟಲಿರುವವರ ಅಂದಾಜು ಬೇಕಾದರೆ ಬುಡ ನೋಡಬೇಡಿ. ಬಲಗಡೆ, 20ರಿಂದ 39ರ ಹೆಂಗಸರ ಪಟ್ಟಿಗಳನ್ನು ನೋಡಿ. 1973ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಸುಮಾರು 10 ಲಕ್ಷ. 1995ರವರು 6 ಲಕ್ಷಕ್ಕಿಂತ ಕಡಿಮೆ. ಒಬ್ಬೊಬ್ಬರಿಗೂ ಮೊದಲಿನಷ್ಟೇ ಮಕ್ಕಳಾದರೂ ತಾಯಂದಿರೇ ಕಡಿಮೆ ಇರುವುದರಿಂದ ಬುಡ ಇನ್ನೂ ಸಣ್ಣಗಾಗುತ್ತದೆ. 1973ರವರು ತಾಯಂದಿರಾಗುವ ಹೊತ್ತಿಗೆ, ಅಂದರೆ 2000ದ ಆಸುಪಾಸಿನಲ್ಲಿ, ಮೂರನೇ ಉಬ್ಬು ಬರಬೇಕಿತ್ತು. ಬರಲಿಲ್ಲ. ಮದುವೆಗಳು ತಡವಾದವು, ಕೆಲವು ಆಗಲೇ ಇಲ್ಲ. ಇಷ್ಟು ಅಗಲದ ತಾಯಂದಿರ ಸಾಲು ಮತ್ತೆ ಸಿಗುವುದೂ ಇಲ್ಲ.

ಬುಡ ಅಗಲವಿರುವ ದೇಶದಲ್ಲಿ ಇದೇ ಲೆಕ್ಕ ತಿರುಗುಮುರುಗು. ಇವತ್ತಿನಿಂದ ಮನೆಗೆ ಎರಡೇ ಮಕ್ಕಳು ಎಂದಾದರೂ ತಾಯಂದಿರಾಗುವವರ ಸಾಲು ಉದ್ದವಾಗುತ್ತಲೇ ಇರುತ್ತದೆ. ಹಾಗಾಗಿ ಜನಸಂಖ್ಯೆ ಹಲವು ದಶಕ ಏರುತ್ತಲೇ ಹೋಗುತ್ತದೆ.

ಎಡವುವ ಜಾಗಗಳೂ ಇವೆ. ಕತಾರ್‌ನ ಪಿರಮಿಡ್‌ನಲ್ಲಿ 25ರಿಂದ 40ರ ಗಂಡಸರ ಕಡೆ ಭಾರಿ ಹೊಟ್ಟೆ ಬಂದಿದೆ. ಅದಕ್ಕೆ ಕಳೆಯುವ ಲೆಕ್ಕ ಹಾಕಿದರೆ ಏನೂ ಸಿಗದು. ಅವರು ಅಲ್ಲಿ ಹುಟ್ಟಿದವರಲ್ಲ, ದುಡಿಯಲು ಬಂದವರು. ಗುರುತಿಸುವುದು ಸುಲಭ: ಜನನದಿಂದ ಬಂದ ಉಬ್ಬು ಎರಡೂ ಕಡೆ ಒಂದೇ ಥರ ಇರುತ್ತದೆ, ಇದು ಒಂದೇ ಕಡೆ. ಈ ಹೊಟ್ಟೆ ಮೇಲೇರುವುದೂ ಇಲ್ಲ. ಹಳಬರು ಊರಿಗೆ ಹೋಗುತ್ತಾರೆ, ಅದೇ ವಯಸ್ಸಿನ ಹೊಸಬರು ಬರುತ್ತಾರೆ.

ಎರಡನೆಯದು, ಚಿತ್ರದ ಅಳತೆ. ಎರಡು ದೇಶಗಳನ್ನು ಹೋಲಿಸುವಾಗ ಒಂದರಲ್ಲಿ ಶೇಕಡಾ, ಇನ್ನೊಂದರಲ್ಲಿ ತಲೆ ಎಣಿಕೆ ಇದ್ದರೆ ಪಟ್ಟಿಯ ಉದ್ದಕ್ಕೆ ಅರ್ಥವೇ ಇಲ್ಲ. ಜೊತೆಗೆ, ಹೆಚ್ಚಿನ ಚಿತ್ರಗಳಲ್ಲಿ ಐದೈದು ವರ್ಷದವರನ್ನು ಒಟ್ಟಿಗೆ ಕಟ್ಟಿರುತ್ತಾರೆ. ಆಗ 1966ರ ಕಚ್ಚು ಅಕ್ಕಪಕ್ಕದ ವರ್ಷಗಳಲ್ಲಿ ಕರಗಿಹೋಗುತ್ತದೆ. ಮುಂದಿನ ಬೆಂಕಿ ಕುದುರೆ ವರ್ಷ 2026. ಈ ಸಲವೂ ಕಚ್ಚು ಬಿದ್ದಿದೆಯೇ ಎಂದು ನೋಡುವ ಕುತೂಹಲವಿದ್ದರೆ, ಒಂದೊಂದು ವಯಸ್ಸಿಗೂ ಬೇರೆ ಪಟ್ಟಿ ಇರುವ ಚಿತ್ರವನ್ನೇ ಹುಡುಕಿ.